ವಯಸ್ಸು ಹತ್ತು, ಸೇರುವ ಗುಂಪು ಯಾವುದು?

*ಸಂಪಾದಕರೇ, ನಾವು ಲಂಡನ್ನಿನಲ್ಲಿದ್ದೇವೆ. ಅಮೆರಿಕದ ಕನ್ನಡಿಗರು ನಡೆಸುವ ವಾರಾಂತ್ಯದ ಆನ್‌ಲೈನ್ ಕನ್ನಡ ತರಗತಿಗೆ ಮಕ್ಕಳನ್ನು ಸೇರಿಸಬೇಕು ಅಂತಿದ್ದೇವೆ. ಪ್ರಕಟಣೆಯಲ್ಲಿ 4–6, 7–9, 10–13 ಎಂದು ಮೂರು ಗುಂಪುಗಳಿವೆ. ಎಲ್ಲಕ್ಕೂ ಭಾನುವಾರ ಬೆಳಿಗ್ಗೆ 9, ಕ್ಯಾಲಿಫೋರ್ನಿಯಾ ಸಮಯ. ಮಗಳಿಗೆ 5, ಮಗನಿಗೆ 10. ನಾವು ಆಡಿದ್ದು ಅವನಿಗೆ ತಿಳಿಯುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಕ್ಷರ ಒಂದೂ ಬರಲ್ಲ. ಅವನನ್ನು ಚಿಕ್ಕವರ ಜೊತೆ ಕೂರಿಸಬೇಕಾ? ಲ್ಯಾಪ್‌ಟಾಪ್ ಒಂದೇ ಇದೆ, ಸಾಕಾಗುತ್ತಾ?*
*– ಒಬ್ಬ ತಾಯಿ, ಲಂಡನ್*

ಬೇಡಮ್ಮ, ಚಿಕ್ಕವರ ಜೊತೆ ಕೂರಿಸಬೇಡಿ. ಐದು ವರ್ಷದವರ ತರಗತಿಯಲ್ಲಿ ಹಾಡು, ಬಣ್ಣ, ಪ್ರಾಣಿಗಳ ಹೆಸರೇ ಜಾಸ್ತಿ. ಹತ್ತು ವರ್ಷದ ಹುಡುಗನಿಗೆ ಅಲ್ಲಿ ಎರಡೇ ವಾರಕ್ಕೆ ಬೇಸರ ಬರುತ್ತದೆ, ನಾಚಿಕೆಯೂ ಆಗುತ್ತದೆ. 10–13ರ ಗುಂಪಿನಲ್ಲಿ ಅಕ್ಷರದಿಂದಲೇ ಶುರುಮಾಡುವ ಮಕ್ಕಳಿದ್ದಾರಾ ಎಂದು ಮೊದಲು ಕೇಳಿ. ಇದ್ದರೆ ಅಲ್ಲಿಗೇ ಸೇರಿಸಿ. ಎಲ್ಲರೂ ಆಗಲೇ ಪಾಠ ಓದುವವರಾಗಿದ್ದರೆ 7–9 ಆಗಬಹುದು.

ನಿಮ್ಮ ಮಗ ಇಂಗ್ಲಿಷ್ ಓದುತ್ತಾನೆ. ಗುರುತಿಗೂ ಸದ್ದಿಗೂ ನಂಟಿದೆ ಎಂಬುದನ್ನು ಅವನಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಹಾಗಾಗಿ ವರ್ಣಮಾಲೆ ಅವನಿಗೆ ಬೇಗ ಬರುತ್ತದೆ. ತಡವರಿಸುವುದು ಕಾಗುಣಿತ ಮತ್ತು ಒತ್ತಕ್ಷರದಲ್ಲಿ. ಇಂಗ್ಲಿಷಿನಲ್ಲಿ ಎಲ್ಲ ಅಕ್ಷರಗಳೂ ಒಂದೇ ಸಾಲಿನಲ್ಲಿ ಬರುತ್ತವೆ. ನಮ್ಮಲ್ಲಿ 'ಅಮ್ಮ' ಎಂದು ಓದಲು ಕಣ್ಣು ಕೆಳಗೂ ಹೋಗಬೇಕು.

ಇನ್ನೊಂದು ತೊಡಕು ಕಿವಿಯದು. ಇಂಗ್ಲಿಷಿನಲ್ಲಿ ಲ–ಳ, ನ–ಣ ಬೇರೆ ಬೇರೆ ಅಕ್ಷರಗಳಲ್ಲ. ಒಂದು ಕಾಗದದ ಮೇಲೆ ಹಲ್ಲಿಯ ಚಿತ್ರ, ಇನ್ನೊಂದರಲ್ಲಿ ಹಳ್ಳಿಯ ಚಿತ್ರ ಬರೆದಿಡಿ. ನೀವು ಒಂದು ಹೆಸರು ಹೇಳಿ, ಅವನು ತೋರಿಸಲಿ. ಹ್ರಸ್ವ–ದೀರ್ಘ ಕೇಳಿಸುತ್ತದಾ ಎಂದು ತಿಳಿಯಲು ಬೆಳೆ–ಬೇಳೆಗೂ ಹೀಗೇ ಮಾಡಿ. ಸರಿಯಾಗಿ ತೋರಿಸಿದರೆ ಕಿವಿ ತಯಾರಿದೆ ಅಂತ ಅರ್ಥ. ತಪ್ಪಿದರೆ ಅದನ್ನೂ ಶಿಕ್ಷಕರಿಗೆ ತಿಳಿಸಿ. ಇಲ್ಲದಿದ್ದರೆ ಬರೆಯುವಾಗಿನ ಆ ತಪ್ಪನ್ನು ಅವರು ಗಮನ ಸಾಲದು ಎಂದುಕೊಳ್ಳುತ್ತಾರೆ.

ಅರ್ಜಿಯಲ್ಲಿ 'ಮನೆಯಲ್ಲಿ ಕನ್ನಡ ಮಾತಾಡುತ್ತೀರಾ' ಎಂಬ ಪ್ರಶ್ನೆ ಇದ್ದರೆ ಸುಮ್ನೆ 'ಹೌದು' ಎಂದು ಬರೆಯಬೇಡಿ. ಮಾತಾಡುವವರು ನೀವು, ಅವನಲ್ಲ ಅಲ್ವಾ? 'ಕೇಳಿದರೆ ತಿಳಿಯುತ್ತದೆ, ಮಾತಾಡುವುದಿಲ್ಲ, ಓದು ಬರಹ ಇಲ್ಲ' ಎಂದು ಮೂರನ್ನೂ ಬಿಡಿಸಿ ಬರೆಯಿರಿ. ನಿನ್ನೆ ಏನೇನು ಮಾಡಿದೆ ಎಂದು ಐದು ವಾಕ್ಯ ಹೇಳಿಸಿ ನೋಡಿ. 'ಅವಳು ಬಂದ' ಎಂದರೂ ಪರವಾಗಿಲ್ಲ, ಅದು ಮಾತಿನ ಶುರು. ಒಂದು ವಾಕ್ಯವೂ ಹೊರಡದಿದ್ದರೆ ಅದನ್ನೂ ತಿಳಿಸಿ. ಅಂಥ ಮಗುವಿಗೆ ಬರೆಸುವುದಕ್ಕಿಂತ ಮಾತಾಡಿಸುವುದು ಹೆಚ್ಚಿರಬೇಕು.

ಈಗ ಸಮಯ. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9 ನಿಮಗೆ ಸಂಜೆ 5. ಆದರೆ ಎರಡೂ ದೇಶಗಳು ಗಡಿಯಾರ ತಿರುಗಿಸುವ ದಿನ ಬೇರೆ ಬೇರೆ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದಿಡುತ್ತಾರೆ, ನಿಮ್ಮಲ್ಲಿ ಮಾರ್ಚ್ ಕೊನೆಯ ಭಾನುವಾರ. 2026ರಲ್ಲಿ ಅವು ಮಾರ್ಚ್ 8 ಮತ್ತು 29. ಹಾಗಾಗಿ 8, 15, 22ನೇ ತಾರೀಕಿನ ಮೂರು ತರಗತಿಗಳು ನಿಮಗೆ 4 ಗಂಟೆಗೇ ಶುರುವಾಗುತ್ತವೆ. ಅಕ್ಟೋಬರ್ 25ರ ತರಗತಿಯೂ ಅಷ್ಟೇ, ಏಕೆಂದರೆ ಅಮೆರಿಕದವರು ಗಡಿಯಾರ ಹಿಂದಿಡುವುದು ನವೆಂಬರ್ 1ಕ್ಕೆ. ಈ ನಾಲ್ಕು ದಿನ 5 ಗಂಟೆಗೆ ಲಿಂಕ್ ಒತ್ತಿದರೆ ಒಂದು ಗಂಟೆಯ ಪಾಠ ಮುಗಿದೇ ಹೋಗಿರುತ್ತದೆ. ಮೊಬೈಲ್ ಕ್ಯಾಲೆಂಡರಿನಲ್ಲಿ ತರಗತಿಯನ್ನು ಲಂಡನ್ ಸಮಯಕ್ಕಲ್ಲ, ಲಾಸ್ ಏಂಜಲೀಸ್ ಸಮಯಕ್ಕೆ ಹಾಕಿಡಿ. ಆಗ ಬದಲಾವಣೆಯನ್ನು ಅದೇ ಸರಿಮಾಡಿಕೊಳ್ಳುತ್ತದೆ.

ಇಬ್ಬರಿಗೂ ಒಂದೇ ಹೊತ್ತಿಗೆ ತರಗತಿ ಇರುವುದರಿಂದ ಒಂದು ಲ್ಯಾಪ್‌ಟಾಪ್ ಸಾಲದು. ಅದನ್ನು ಮಗನಿಗೆ ಕೊಡಿ. ಫೋನಿನ ಪರದೆಯಲ್ಲಿ ಒತ್ತಕ್ಷರ ತೀರಾ ಚಿಕ್ಕದಾಗಿ ಕಾಣುತ್ತದೆ, ಹೊಸಬರಿಗೆ ಯಾವ ಒತ್ತು ಎಂದೇ ತಿಳಿಯದು. ಮಗಳಿಗೆ ಹಾಡು, ಚಿತ್ರ ತಾನೇ, ಬೇರೆ ಕೋಣೆಯಲ್ಲಿ ಫೋನ್ ಅಥವಾ ಟ್ಯಾಬ್ ಸಾಕು. ಆದರೆ ಅವಳ ಪಕ್ಕದಲ್ಲಿ ನಿಮ್ಮಲ್ಲೊಬ್ಬರು ಕೂರಲೇಬೇಕು.

ಮಗನ ತರಗತಿಯಲ್ಲಿ ಇನ್ನೊಂದು ಸಮಸ್ಯೆ ಇದೆ. ಕ್ಯಾಮೆರಾಗೆ ಅವನ ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ. ಮಕ್ಕಳು ಅಕ್ಷರವನ್ನು ಕೆಳಗಿನಿಂದ ಮೇಲಕ್ಕೆ, ಬಲದಿಂದ ಎಡಕ್ಕೆ ಎಳೆದುಬಿಡುತ್ತಾರೆ. ಬರೆದಾದ ಮೇಲೆ ನೋಟ್‌ಬುಕ್ಕಿನ ಫೋಟೊ ಕಳಿಸಿದರೆ ಅಕ್ಷರ ಸರಿಯಾಗೇ ಕಾಣುತ್ತದೆ. ತಲೆಕಟ್ಟು ಮೊದಲು ಬಂತೋ ಕೊನೆಗೆ ಬಂತೋ ಅದರಲ್ಲಿ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಅವನು ಬರೆಯುತ್ತಿರುವಾಗಲೇ ಮೇಲಿನಿಂದ ಅರ್ಧ ನಿಮಿಷದ ವಿಡಿಯೊ ತೆಗೆದು ಶಿಕ್ಷಕರಿಗೆ ಕಳಿಸಿ.

ತಪ್ಪಿದ ತರಗತಿಗೆ ರೆಕಾರ್ಡಿಂಗ್ ಕೊಡುತ್ತಾರಾ ಎಂದೂ ಕೇಳಿ. ಕೊಡುವುದಾದರೆ ಅದು ಯಾರ ಕೈಗೆಲ್ಲ ಹೋಗುತ್ತದೆ, ಎಷ್ಟು ದಿನ ಇಡುತ್ತಾರೆ ಎಂದು ವಿಚಾರಿಸಿ. ಅದರಲ್ಲಿ ಎಲ್ಲರ ಮಕ್ಕಳ ಮುಖವೂ ಹೆಸರೂ ಇರುತ್ತವೆ. ಇನ್ನು, ಲಿಂಕ್ ಒತ್ತುವಾಗ ಅರ್ಜಿಯಲ್ಲಿ ಬರೆದ ಮಗುವಿನ ಹೆಸರನ್ನೇ ಹಾಕಿ. ಅಪ್ಪನ ಫೋನಿನ ಹೆಸರು ಕಂಡರೆ, ಅಪರಿಚಿತರನ್ನು ಒಳಗೆ ಬಿಡದ ಶಿಕ್ಷಕರು ನಿಮ್ಮ ಮಗುವನ್ನೂ ಹೊರಗೇ ಕಾಯಿಸುತ್ತಾರೆ.

– ಸಂಪಾದಕ