ಪಾಠದ ಟಿಪ್ಪಣಿಯಿಂದ ದೀರ್ಘ ಉತ್ತರದ ಚೌಕಟ್ಟು: ವಿಷ್ಣುವರ್ಧನನ ಪ್ರಶ್ನೆಯನ್ನೇ ಹಿಡಿದು

ಪ್ರಶ್ನೆ: “ಹಾಸನದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಪಾಠ ಕೇಳಿ ಬರೆದುಕೊಂಡ ಟಿಪ್ಪಣಿ ಪುಟಗಟ್ಟಲೆ ಇದೆ. ಆದರೆ ‘ವಿಷ್ಣುವರ್ಧನನೇ ಹೊಯ್ಸಳ ರಾಜ್ಯದ ನಿಜವಾದ ಸ್ಥಾಪಕ, ಚರ್ಚಿಸಿ’ ಎಂದು ಕೇಳಿದರೆ ಕೈ ಓಡುವುದಿಲ್ಲ. ಪೀಠಿಕೆ, ವಾದ, ಆಧಾರ, ಉಪಸಂಹಾರ ಇರುವ ಮಾದರಿ ಮಾಡಿಕೊಳ್ಳುವುದು ಹೇಗೆ ಮೇಡಂ?”

ತೊಡಕು ಇರುವುದು ಟಿಪ್ಪಣಿಯ ಕ್ರಮದಲ್ಲಿ. ಪಾಠ ಕಾಲಾನುಕ್ರಮದಲ್ಲಿ ನಡೆಯುತ್ತದೆ. ಮೂಡಿಗೆರೆ ಕಡೆಯ ಅಂಗಡಿ, ಸಳನ ಕಥೆ, ನೃಪಕಾಮ, ವಿನಯಾದಿತ್ಯ, ಒಂದನೇ ಬಲ್ಲಾಳ, ಆಮೇಲೆ ವಿಷ್ಣುವರ್ಧನ. ಪ್ರಶ್ನೆ ಮಾತ್ರ ಒಂದು ಅಭಿಪ್ರಾಯವನ್ನು ಮುಂದಿಟ್ಟು ನಿಮ್ಮ ತೀರ್ಪು ಕೇಳುತ್ತದೆ. ಕಾಲಾನುಕ್ರಮದ ಟಿಪ್ಪಣಿಯನ್ನು ಹಾಗೆಯೇ ಇಳಿಸಿದರೆ, ವಿಷ್ಣುವರ್ಧನ ಬರುವ ಹೊತ್ತಿಗೆ ಎರಡು ಪುಟ ಮುಗಿದಿರುತ್ತದೆ, ತೀರ್ಪು ಬರುವುದೇ ಇಲ್ಲ. ನಾನು ತಿದ್ದುವ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ಲೋಪ ಇದೇ. ಬರೆದವರಿಗೆ ವಿಷಯ ಗೊತ್ತಿರುತ್ತದೆ, ಅಂಕ ಮಾತ್ರ ಬರುವುದಿಲ್ಲ.

ಆದ್ದರಿಂದ ಪಾಠ ಕೇಳಿದ ದಿನ ಸಂಜೆಯೇ ಟಿಪ್ಪಣಿಯನ್ನು ಬಿಡಿಸಬೇಕು. ಅಂಗೈಯಗಲದ ಚೀಟಿಗಳನ್ನು ಕತ್ತರಿಸಿಕೊಳ್ಳಿ. ಒಂದು ಚೀಟಿಗೆ ಒಂದೇ ಸಂಗತಿ: ಏನಾಯಿತು, ಯಾವ ವರ್ಷ, ನಮಗೆ ಅದು ಯಾವುದರಿಂದ ಗೊತ್ತು. ಹಿಂಬದಿಯಲ್ಲಿ, ಈ ಸಂಗತಿ ಯಾವ ಮಾತನ್ನು ಸಾಬೀತು ಮಾಡುತ್ತದೆ ಎಂದು ಒಂದು ಪೂರ್ಣ ವಾಕ್ಯ. ಹಿಂಬದಿ ತುಂಬಲು ಆಗದ ಚೀಟಿ ಈ ಉತ್ತರಕ್ಕೆ ಬೇಕಿಲ್ಲ. ಸಳ ಹುಲಿಯನ್ನು ಹೊಡೆದ ಕಥೆ ಹೀಗೆಯೇ ಬಿದ್ದುಹೋಗುತ್ತದೆ. ಅದು ವಂಶದ ಹೆಸರಿನ ಪ್ರಶ್ನೆಗೆ ಬೇಕು, ಇಲ್ಲಿಗೆ ಬೇಡ.

ನಿಮ್ಮ ಪ್ರಶ್ನೆಗೆ ಉಳಿಯುವ ಮುಖ್ಯ ಚೀಟಿಗಳು ನಾಲ್ಕು. 1116ರಲ್ಲಿ ಚೋಳರಿಂದ ತಲಕಾಡು ಕೈವಶವಾಗಿ ಗಂಗವಾಡಿ ಹೊಯ್ಸಳರದಾದದ್ದು, ‘ತಲಕಾಡುಗೊಂಡ’ ಎಂಬ ಬಿರುದು. 1118ರಲ್ಲಿ ಕಣ್ಣೇಗಾಲದಲ್ಲಿ ದಂಡನಾಯಕ ಗಂಗರಾಜ ರಾತ್ರಿ ದಾಳಿ ಮಾಡಿ ಚಾಲುಕ್ಯ ಸೈನ್ಯವನ್ನು ಚದುರಿಸಿದ್ದು, ಅದಕ್ಕೆ ಶ್ರವಣಬೆಳಗೊಳದ ಶಾಸನ. ಇಷ್ಟಾದರೂ ವಿಷ್ಣುವರ್ಧನ ಕಲ್ಯಾಣದ ಆರನೇ ವಿಕ್ರಮಾದಿತ್ಯನಿಗೆ ಮಣಿಯಬೇಕಾಗಿ ಬಂದದ್ದು, ಶಾಸನಗಳು ಅವನನ್ನು ಮಹಾಮಂಡಲೇಶ್ವರ ಎಂದೇ ಕರೆಯುವುದು. ಕೊನೆಯದಾಗಿ, 1190ರ ದಶಕದ ಆರಂಭದಲ್ಲಿ ಎರಡನೇ ಬಲ್ಲಾಳ ಸೇವುಣರ ಐದನೇ ಭಿಲ್ಲಮನನ್ನು ಸೊರಟೂರಿನಲ್ಲಿ ಸೋಲಿಸಿ ಸ್ವತಂತ್ರ ದೊರೆಯಾಗಿ ನಿಂತದ್ದು.

ಮೊದಲ ಎರಡು ಚೀಟಿ ಪ್ರಶ್ನೆಯ ಮಾತಿನ ಪರ, ಕೊನೆಯ ಎರಡು ಅದಕ್ಕೆ ಅಡ್ಡ. ಎರಡು ಗುಂಪನ್ನೂ ಮೇಜಿನ ಮೇಲೆ ಇಟ್ಟು ನೋಡಿದಾಗ ತೀರ್ಪು ತಾನಾಗಿ ಹೊಳೆಯುತ್ತದೆ: ನೆಲ ಮತ್ತು ಬಲದ ದೃಷ್ಟಿಯಿಂದ ಸ್ಥಾಪಕ ವಿಷ್ಣುವರ್ಧನ, ಸಾರ್ವಭೌಮತ್ವದ ದೃಷ್ಟಿಯಿಂದ ಎರಡನೇ ಬಲ್ಲಾಳ. ಈ ತೀರ್ಪನ್ನು ಮೊದಲು ಬರೆದಿಟ್ಟುಕೊಳ್ಳಿ. ಪೀಠಿಕೆ ಆಮೇಲೆ. ಇದೇ ಚೀಟಿಗಳಿಂದ ನೀವು ಬೇರೆ ತೀರ್ಪಿಗೂ ಬರಬಹುದು. ಅಧೀನತೆ ಬರೀ ಹೆಸರಿಗಷ್ಟೇ ಇತ್ತು ಎಂದು ವಾದಿಸುವವರಿದ್ದಾರೆ. ವಾದ ಆಧಾರದ ಮೇಲೆ ನಿಂತಿದ್ದರೆ ಸಾಕು.

ಪೀಠಿಕೆ ಹೀಗೆ ಇರಬಹುದು: “12ನೆಯ ಶತಮಾನದ ಆರಂಭದಲ್ಲಿ ಹೊಯ್ಸಳರು ಚಾಲುಕ್ಯರ ಅಧೀನದ ಮಲೆನಾಡಿನ ಒಡೆಯರಾಗಿದ್ದರು. ವಿಷ್ಣುವರ್ಧನ ತಲಕಾಡನ್ನು ಗೆದ್ದು ಅವರನ್ನು ಬಯಲುಸೀಮೆಯ ಅರಸರನ್ನಾಗಿ ಮಾಡಿದ. ಆದರೆ ಚಾಲುಕ್ಯರ ಅಧೀನತೆ ಅವನ ಕಾಲಕ್ಕೆ ಮುಗಿಯಲಿಲ್ಲ. ಆದ್ದರಿಂದ ಅವನು ಯಾವ ಅರ್ಥದಲ್ಲಿ ಸ್ಥಾಪಕ ಎಂಬುದನ್ನು ಬಿಡಿಸಿ ನೋಡಬೇಕು.” ಇದನ್ನು ಪರೀಕ್ಷಿಸಲು ಒಂದು ಉಪಾಯವಿದೆ. ಪ್ರಶ್ನೆಯನ್ನು ಮುಚ್ಚಿ ಪೀಠಿಕೆಯನ್ನಷ್ಟೇ ಸಹಪಾಠಿಗೆ ಓದಲು ಕೊಡಿ. ಪ್ರಶ್ನೆ ಏನಿತ್ತೆಂದು ಅವರು ಹೇಳಿದರೆ ಸರಿ. “ಹೊಯ್ಸಳರ ಬಗ್ಗೆ ಏನೋ ಇದೆ” ಎಂದರೆ ಹರಿದು ಮತ್ತೆ ಬರೆಯಿರಿ. ಪೀಠಿಕೆಯನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ ಎಂದು ಈ ಗುಂಪಿನಲ್ಲಿ ಅರಸೀಕೆರೆಯ ತಮ್ಮ ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ಮೊದಲ ವಾಕ್ಯದ ಕಾಲ ಮತ್ತು ಹಿನ್ನೆಲೆ ಬಾಯಿಗೆ ಬರಲಿ, ಕೊನೆಯ ವಾಕ್ಯ ಮಾತ್ರ ಆ ದಿನದ ಪ್ರಶ್ನೆಯಿಂದಲೇ ಹುಟ್ಟಬೇಕು.

ವಾದದ ಪ್ಯಾರಾದಲ್ಲಿ ಮೊದಲ ವಾಕ್ಯ ವಾದ, ನಂತರ ಆಧಾರ, ಕೊನೆಗೆ ಆ ಆಧಾರ ವಾದವನ್ನು ಎಷ್ಟರ ಮಟ್ಟಿಗೆ ಹೊರುತ್ತದೆ ಎಂಬ ಮಾತು. ಈ ಮೂರನೆಯದನ್ನು ಬಹುತೇಕ ಎಲ್ಲರೂ ಬಿಡುತ್ತಾರೆ. ಉದಾಹರಣೆಗೆ: “ವಿಷ್ಣುವರ್ಧನ ಚಾಲುಕ್ಯರ ಹಿಡಿತಕ್ಕೆ ಸವಾಲು ಹಾಕಿದ. 1118ರಲ್ಲಿ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ಗಂಗರಾಜ ರಾತ್ರಿ ಎರಗಿದನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಆದರೆ ಈ ಶಾಸನ ಗೆದ್ದವರ ಕಡೆಯದು. ಅದು ಒಂದು ಕದನದ ಗೆಲುವನ್ನು ತೋರಿಸುತ್ತದೆಯೇ ಹೊರತು ಶಾಶ್ವತ ಸ್ವಾತಂತ್ರ್ಯವನ್ನಲ್ಲ.” ಈ ಕೊನೆಯ ವಾಕ್ಯವೇ ಮುಂದಿನ ಪ್ಯಾರಾಕ್ಕೆ, ಅಂದರೆ ಅಧೀನತೆಯ ವಾದಕ್ಕೆ ದಾರಿ ಮಾಡಿಕೊಡುತ್ತದೆ. “ಇನ್ನೊಂದು ಅಂಶವೆಂದರೆ” ಎಂದು ಬರೆಯುವ ಅಗತ್ಯವೇ ಬೀಳುವುದಿಲ್ಲ.

ಬೇಲೂರಿನ ದೇವಾಲಯ ತಲಕಾಡು ವಿಜಯದ ಸ್ಮಾರಕ, ಅದನ್ನೇ ದೊಡ್ಡ ಆಧಾರ ಮಾಡಿ ಎಂದೂ ಒಬ್ಬರು ಸೂಚಿಸಿದ್ದಾರೆ. ಎಚ್ಚರ ಬೇಕು. 1117ರ ಪ್ರತಿಷ್ಠೆ, ವಿಜಯನಾರಾಯಣ ಎಂಬ ದೇವರ ಹೆಸರು, ಎರಡೂ ಶಾಸನದಲ್ಲಿವೆ. ತಲಕಾಡಿನ ನಂಟು ನಾವು ಅವೆರಡರಿಂದ ಮಾಡುವ ಊಹೆ. ಬಲವಾದ ಊಹೆಯೇ. ಆದರೂ ಉತ್ತರದಲ್ಲಿ “ಸ್ಮಾರಕವೆಂದು ವಿದ್ವಾಂಸರು ಭಾವಿಸುತ್ತಾರೆ” ಎಂದು ಬರೆಯಿರಿ. ಚೀಟಿಯಲ್ಲಿಯೂ ಶಾಸನದ ಮಾತಿನ ಕೆಳಗೆ ಗೆರೆ ಎಳೆದು, ಊಹೆಯನ್ನು ಗೆರೆಯಿಲ್ಲದೆ ಬಿಡಿ. ಪಾಠ ಕೇಳುವಾಗ ಮೇಷ್ಟ್ರ ಅಭಿಪ್ರಾಯವೂ ಶಾಸನದ ಮಾತೂ ಒಂದೇ ಉಸಿರಿನಲ್ಲಿ ಬರುತ್ತವೆ. ಬೇರೆ ಮಾಡದಿದ್ದರೆ ಪರೀಕ್ಷೆಯಲ್ಲಿ ಎರಡೂ ಆಧಾರವೇ ಆಗಿಬಿಡುತ್ತವೆ.

ಸಕಲೇಶಪುರದ ಅಣ್ಣನವರು ಮಗನ ಎಸ್‌ಎಸ್‌ಎಲ್‌ಸಿ ಪ್ರಶ್ನೋತ್ತರದ ವಿಚಾರ ಕೇಳಿದ್ದಾರೆ. ಅಣ್ಣಾ, ಅಲ್ಲಿ ಹೆಚ್ಚಾಗಿ ಕೇಳುವುದು ಅಂಶಗಳನ್ನು. ಈ ಚೀಟಿಯ ಶ್ರಮ ಅವನಿಗೆ ಈಗ ಬೇಡ, ಪಠ್ಯಪುಸ್ತಕವನ್ನೇ ಚೆನ್ನಾಗಿ ಓದಲಿ.

ಚೀಟಿಗಳ ನಿಜವಾದ ಉಪಯೋಗ ಪ್ರಶ್ನೆ ತಿರುಗಿದಾಗ ಗೊತ್ತಾಗುತ್ತದೆ. “ವಿಷ್ಣುವರ್ಧನನ ಸಾಧನೆಗಳನ್ನು ವಿವರಿಸಿ” ಎಂದರೆ ಪರ ವಿರೋಧದ ಗುಂಪು ಬೇಡ. ತಲಕಾಡು ಮತ್ತು ಕಣ್ಣೇಗಾಲ ರಾಜಕೀಯದ ಪ್ಯಾರಾಕ್ಕೆ ಹೋಗುತ್ತವೆ, ಬೇಲೂರು ಮೇಲೆ ಬರುತ್ತದೆ, ಎರಡನೇ ಬಲ್ಲಾಳನ ಚೀಟಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ. “ಹೊಯ್ಸಳ ಚೋಳ ಸಂಬಂಧ” ಎಂದರೆ ತಲಕಾಡಿನ ಚೀಟಿ ಮಾತ್ರ ಎದ್ದು ಬಂದು ಬೇರೆ ಸಂಗತಿಗಳ ಜೊತೆ ಸೇರುತ್ತದೆ. ಇಡೀ ಉತ್ತರವನ್ನು ಬರೆದು ಕಂಠಪಾಠ ಮಾಡಿದವರಿಗೆ ಇದು ಸಾಧ್ಯವಾಗುವುದಿಲ್ಲ, ಅವರು ಎಲ್ಲ ಪ್ರಶ್ನೆಗೂ ಅದೇ ಉತ್ತರವನ್ನು ಬರೆಯುತ್ತಾರೆ.

ಉಪಸಂಹಾರದ ವಿಷಯದಲ್ಲಿ ಈ ಗುಂಪಿನ ನಿವೃತ್ತ ಪ್ರಾಧ್ಯಾಪಕರಿಗೂ ನನಗೂ ಭಿನ್ನಾಭಿಪ್ರಾಯವಿದೆ. ತೀರ್ಪು ಕೊನೆಯಲ್ಲೇ ಬರಬೇಕು, ಮೊದಲೇ ಹೇಳಿದರೆ ಚರ್ಚೆ ಸಪ್ಪೆಯಾಗುತ್ತದೆ ಎಂದು ಅವರು ಹೇಳುತ್ತಾರೆ. ಶಾಸನಗಳ ವಿಚಾರದಲ್ಲಿ ಅವರ ಮಾತನ್ನು ನಾನು ಮೀರುವುದಿಲ್ಲ. ಆದರೆ ಸಮಯ ಸಾಲದೆ ಕೊನೆಯ ಪ್ಯಾರಾ ಬಿಟ್ಟುಹೋಗುವ ವಿದ್ಯಾರ್ಥಿಗಳು ಬಹಳ. ಪೀಠಿಕೆಯಲ್ಲಿ ತೀರ್ಪಿನ ಸುಳಿವಿದ್ದರೆ ಉತ್ತರ ಅರ್ಧಕ್ಕೆ ನಿಂತರೂ ನಿಲುವು ಕಾಣುತ್ತದೆ. ಎರಡೂ ರೀತಿಯಲ್ಲಿ ಒಂದೊಂದು ಉತ್ತರ ಬರೆದು ಇಲ್ಲಿ ಹಾಕಿ. ಅವರೂ ನೋಡಲಿ, ನಾನೂ ನೋಡುತ್ತೇನೆ.