ಪವರ್ ಇಟರೇಷನ್: ವೇಗ ನಿರ್ಧರಿಸುವುದು ಅನುಪಾತ

ಪ್ರಶ್ನೆ: ಪವರ್ ಇಟರೇಷನ್ ಕೆಲವು ಮ್ಯಾಟ್ರಿಕ್ಸ್‌ಗಳಿಗೆ ಬೇಗ ಉತ್ತರ ಕೊಡುತ್ತೆ, ಕೆಲವಕ್ಕೆ ತುಂಬಾ ನಿಧಾನ. ಯಾಕೆ?

ಪವರ್ ಇಟರೇಷನ್ ಅಂದರೆ ಒಂದು ವೆಕ್ಟರನ್ನು ಮ್ಯಾಟ್ರಿಕ್ಸ್‌ನಿಂದ ಮತ್ತೆ ಮತ್ತೆ ಗುಣಿಸಿ, ಗಾತ್ರದಲ್ಲಿ ಅತಿ ದೊಡ್ಡ ಐಗನ್ ಮೌಲ್ಯದ ದಿಕ್ಕನ್ನು ಹುಡುಕುವ ವಿಧಾನ. ಮೊದಲೆರಡು ದೊಡ್ಡ ಐಗನ್ ಮೌಲ್ಯಗಳಾದ λ₁ ಮತ್ತು λ₂ರ ಗಾತ್ರ ಎಷ್ಟು ಹತ್ತಿರವೋ, ಅಷ್ಟು ನಿಧಾನ. ಪ್ರತಿ ಗುಣಾಕಾರದಲ್ಲೂ ದೋಷ ಸುಮಾರು |λ₂/λ₁| ಪಟ್ಟಾಗುತ್ತದೆ.

ಮ್ಯಾಟ್ರಿಕ್ಸ್ ಕೆಲವು ದಿಕ್ಕುಗಳನ್ನು ತಿರುಗಿಸದೆ ಸುಮ್ನೆ ಹಿಗ್ಗಿಸುತ್ತದೆ. ಎಷ್ಟು ಪಟ್ಟು ಹಿಗ್ಗಿಸುತ್ತದೋ ಅದೇ ಐಗನ್ ಮೌಲ್ಯ. ಸಾಲುಗಳು (2, 1), (1, 2) ಇರುವ ಮ್ಯಾಟ್ರಿಕ್ಸ್ ತಗೊಳ್ಳಿ. ಅದು (1, 1) ದಿಕ್ಕನ್ನು 3 ಪಟ್ಟು ಹಿಗ್ಗಿಸುತ್ತದೆ, (1, −1) ದಿಕ್ಕನ್ನು 1 ಪಟ್ಟು, ಅಂದರೆ ಹಾಗೇ ಬಿಡುತ್ತದೆ. (1, 0) ಇಂದ ಶುರು ಮಾಡಿದರೆ, ಅದರಲ್ಲಿ ಎರಡೂ ದಿಕ್ಕುಗಳ ಪಾಲು ಸಮ. ಗುಣಿಸುತ್ತಾ ಹೋಗಿ: (2, 1), (5, 4), (14, 13), (41, 40). ಮೊದಲ ಪಾಲು ಪ್ರತಿ ಸಲ ಮೂರು ಪಟ್ಟು ಬೆಳೆಯಿತು, ಎರಡನೆಯದು ಇದ್ದಲ್ಲೇ ಇದೆ. ಹಾಗಾಗಿ ದಿಕ್ಕು (1, 1)ರ ಕಡೆ ವಾಲಿತು. ಸಂಖ್ಯೆಗಳು ಉಕ್ಕದಿರಲಿ ಅಂತ ಪ್ರತಿ ಹೆಜ್ಜೆಯಲ್ಲೂ ವೆಕ್ಟರಿನ ಉದ್ದವನ್ನು 1ಕ್ಕೆ ಇಳಿಸುತ್ತಾರೆ.

ಇಲ್ಲಿ ಮುಖ್ಯವಾದದ್ದು ವ್ಯತ್ಯಾಸವಲ್ಲ, ಅನುಪಾತ. ಅದೇ ಮ್ಯಾಟ್ರಿಕ್ಸ್‌ನ ಕರ್ಣಕ್ಕೆ 100 ಕೂಡಿಸಿ. ಮೌಲ್ಯಗಳು 103 ಮತ್ತು 101 ಆಗುತ್ತವೆ. ವ್ಯತ್ಯಾಸ ಈಗಲೂ 2, ಆದರೆ ಅನುಪಾತ ಸುಮಾರು 0.98. ದೋಷ ಹತ್ತನೇ ಒಂದಾಗಲು ಮೊದಲು ಎರಡು-ಮೂರು ಹೆಜ್ಜೆ ಸಾಕಿತ್ತು, ಈಗ ಸುಮಾರು 118 ಬೇಕು. ಮೌಲ್ಯಗಳು 3 ಮತ್ತು −3 ಆಗಿದ್ದರಂತೂ ದೋಷ ಕುಗ್ಗುವುದೇ ಇಲ್ಲ. ವೆಕ್ಟರ್ ಎರಡು ದಿಕ್ಕುಗಳ ನಡುವೆ ಹಾರಾಡುತ್ತಲೇ ಇರುತ್ತದೆ.