ಫೆಸ್ಟ್ ಲೋಗೋ ಪ್ರತಿ ವರ್ಷ ಬದಲಾಗುತ್ತಿದ್ದರೆ ಏನು ಉಳಿಸಬೇಕು?

ಪ್ರಶ್ನೆ: “ನಾನು ಬಿ.ಕಾಂ. ಎರಡನೇ ವರ್ಷ. ನಮ್ಮ ಫೆಸ್ಟ್‌ಗೆ ಪ್ರತಿ ವರ್ಷ ಹೊಸ ಟೀಮ್, ಹೊಸ ಲೋಗೋ. ಈ ಸಲ ಸ್ಪಾನ್ಸರ್ ಕೇಳೋಕೆ ಹೋದ್ರೆ ಅಂಗಡಿಯವರು ‘ಹೋದ ವರ್ಷ ಬಂದಿದ್ದು ನೀವೇನಾ?’ ಅಂದ್ರು. ಸೀನಿಯರ್ಸ್ ಹೋದ್ಮೇಲೂ ಉಳಿಯೋ ಹಾಗೆ ಏನು ಮಾಡ್ಬೇಕು?”

ಕಾಲೇಜಿನಲ್ಲಿದ್ದಾಗ ಎರಡು ವರ್ಷ ಫೆಸ್ಟ್ ಪೋಸ್ಟರ್ ಮಾಡಿದ್ದೆ. ಈಗ ಧಾರವಾಡದಲ್ಲಿ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಕೆಲಸ. ಫೆಬ್ರವರಿ ಬಂತೆಂದರೆ ನಿಮ್ಮಂಥ ಟೀಮ್‌ಗಳು ಪೆನ್‌ಡ್ರೈವ್ ಹಿಡಿದು ಬರುತ್ತವೆ. ಹತ್ತರಲ್ಲಿ ಎಂಟು ಪೆನ್‌ಡ್ರೈವ್‌ನಲ್ಲಿ ಇರುವುದು ವಾಟ್ಸಾಪ್‌ನಿಂದ ಇಳಿಸಿದ ಮಬ್ಬು ಲೋಗೋ.

ನಿಮ್ಮ ಪ್ರಶ್ನೆಗೆ ಮೇಲೆ ಉತ್ತರ ಬರೆದ ಒಬ್ಬರು 40 ಪುಟದ ಬ್ರ್ಯಾಂಡ್ ಗೈಡ್ ಮಾಡಿಡಿ ಅಂದಿದ್ದಾರೆ. ಅರ್ಧ ಸರಿ. ಬರೆದಿಡುವುದು ಬೇಕು, ಆದರೆ ಫೆಸ್ಟ್‌ಗೆ ಹತ್ತು ದಿನ ಇರುವಾಗ ರಾತ್ರಿ ಒಂದು ಗಂಟೆಗೆ 40 ಪುಟ ಯಾರೂ ಓದುವುದಿಲ್ಲ. ಟ್ರೇಡ್‌ಮಾರ್ಕ್ ಮಾಡಿಸಿ ಅಂದ ಮೇಷ್ಟ್ರು ತಮ್ಮ ಸೊಸೈಟಿಯ ಹೆಸರನ್ನು ಬೇರೆಯವರು ಬಳಸಿದ ಕಥೆ ಹೇಳಿದ್ದಾರೆ. ಸರ್, ಇಲ್ಲಿ ಹೆಸರನ್ನು ಯಾರೂ ಕದ್ದಿಲ್ಲ, ಇವರ ಟೀಮೇ ಪ್ರತಿ ವರ್ಷ ಬಿಸಾಕುತ್ತಿದೆ.

ನಮ್ಮ ಕಡೆ ಜಾತ್ರೆಯ ತೇರು ನೋಡಿರುತ್ತೀರಿ ಅಲ್ವಾ? ಕೆಳಗಿನ ಮರದ ಗಡ್ಡೆ, ಗಾಲಿ ಅವೇ. ಮೇಲಿನ ಬಿದಿರು, ಬಟ್ಟೆ, ಬಾವುಟ, ಹೂವು ಪ್ರತಿ ವರ್ಷ ಹೊಸದು. ಕಟ್ಟುವವರೂ ಬದಲಾಗುತ್ತಾರೆ. ಆದರೂ ದೂರದಿಂದ ನೋಡಿದರೆ ನಮ್ಮೂರ ತೇರು ಅಂತ ಗೊತ್ತಾಗುತ್ತದೆ. ನಿಮ್ಮ ಟೀಮ್ ಗಡ್ಡೆಯನ್ನೂ ಸೇರಿಸಿ ಹೊಸದು ಮಾಡುತ್ತಿದೆ. ಐಐಟಿ ಬಾಂಬೆಯ ಫೆಸ್ಟ್ ಮೂಡ್ ಇಂಡಿಗೋ 1971ರಿಂದ ನಡೆಯುತ್ತಿದೆ. ಥೀಮ್ ವರ್ಷ ವರ್ಷ ಬೇರೆ, ಹೆಸರು ಮಾತ್ರ ಅದೇ.

ಎರಡು ವರ್ಷದ ಹಿಂದೆ ಒಂದು ಡಿಗ್ರಿ ಕಾಲೇಜಿನ ಟೀಮ್ ನಮ್ಮ ಅಂಗಡಿಗೆ ಬಂತು. ಹಳೆಯ ನಾಲ್ಕು ವರ್ಷದ ಪೋಸ್ಟರ್‌ಗಳನ್ನು ನೆಲದ ಮೇಲೆ ಸಾಲಾಗಿ ಹಾಸಿ, ಫೆಸ್ಟ್ ಹೆಸರಿನ ಮೇಲೆ ಬಿಳಿ ಹಾಳೆ ಇಟ್ಟೆವು. ನಾಲ್ಕರಲ್ಲೂ ಒಂದೇ ಆಗಿದ್ದದ್ದು ಮೂಲೆಯ ಕಾಲೇಜು ಲಾಂಛನ ಒಂದೇ. ಅಂಗಡಿಯವರಿಗೆ ನೆನಪಿಲ್ಲದಿದ್ದರೆ ಅವರದೇನು ತಪ್ಪು?

ಮೂರೇ ವಿಷಯ ಗಟ್ಟಿ ಮಾಡಿದೆವು: ಹೆಸರಿನ ಅಕ್ಷರ, ಅದು ಕೂರುವ ಜಾಗ, ಒಂದು ಬಣ್ಣ. ಚಿತ್ರ, ಥೀಮ್, ಉಳಿದ ಬಣ್ಣ ಎಲ್ಲ ಆಯಾ ವರ್ಷದವರ ಇಷ್ಟ.

ಜಾಸ್ತಿ ಹೊತ್ತು ಹಿಡಿದದ್ದು ಅಕ್ಷರ. ಅವರ ಫೆಸ್ಟ್ ಹೆಸರು ಮೂರಕ್ಷರ, ಕೊನೆಯ ಅಕ್ಷರಕ್ಕೆ ಒತ್ತು. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುವುದರಿಂದ ಹೆಸರಿನ ಎತ್ತರ ಜಾಸ್ತಿಯಾಗುತ್ತದೆ. ಸ್ಟೇಜ್ ಬ್ಯಾಕ್‌ಡ್ರಾಪ್‌ನ ಅಡ್ಡ ಪಟ್ಟಿಯಲ್ಲಿ ಕೂರಿಸಲು ಹೋದರೆ ಇಡೀ ಹೆಸರು ಚಿಕ್ಕದಾಗಿಬಿಡುತ್ತದೆ. ಯಾರು ಬೇಕಾದರೂ ಬಳಸಬಹುದಾದ ಅನೇಕ್ ಕನ್ನಡ ಫಾಂಟ್‌ನ ದಪ್ಪ ಅಕ್ಷರ ತೆಗೆದುಕೊಂಡು, ಕರ್ವ್ ಮಾಡಿ, ಅಂದರೆ ಟೈಪ್ ಮಾಡಿದ್ದನ್ನು ಚಿತ್ರದಂಥ ಗೆರೆಗಳಾಗಿಸಿ, ಒತ್ತನ್ನು ಸ್ವಲ್ಪ ಮೇಲೆ ಎಳೆದು ಪಕ್ಕಕ್ಕೆ ಸರಿಸಿದೆವು. ಆಮೇಲೆ ಒಂದು ಇಂಚು ಅಗಲಕ್ಕೆ ಇಳಿಸಿ ಮಾಮೂಲಿ ಲೇಸರ್ ಪ್ರಿಂಟರ್‌ನಲ್ಲಿ ಬರೀ ಕಪ್ಪಿನಲ್ಲಿ ತೆಗೆದೆವು. ಮೊದಲ ಸಲ ಒತ್ತಿನ ಹೊಟ್ಟೆ ತುಂಬಿ ಕಪ್ಪು ಚುಕ್ಕೆ ಆಗಿತ್ತು. ಒಳಗಿನ ಜಾಗ ದೊಡ್ಡದು ಮಾಡಿ, ಮೂರನೇ ಸಲಕ್ಕೆ ಸರಿಹೋಯಿತು. ಐಡಿ ಕಾರ್ಡ್, ರಿಸ್ಟ್ ಬ್ಯಾಂಡ್ ಮೇಲೆ ಹೆಸರು ಅಷ್ಟೇ ಗಾತ್ರಕ್ಕೆ ಬರುವುದು. ಒಂದೇ ಬಣ್ಣದಲ್ಲಿ ಚೆನ್ನಾಗಿ ಕಾಣುವ ಲೋಗೋ ಇದ್ದರೆ ಟೀ ಶರ್ಟ್‌ಗೂ ಅನುಕೂಲ. ಸ್ಕ್ರೀನ್ ಪ್ರಿಂಟ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ಅದಕ್ಕೆ ತಕ್ಕಂತೆ ದುಡ್ಡು.

ಬಣ್ಣಕ್ಕೆ ಎರಡು ಮೀಟಿಂಗ್ ಜಗಳ ಆಯಿತು. ಅವರಿಗೆ ಮೊಬೈಲ್‌ನಲ್ಲಿ ಮಿನುಗುವ ನೇರಳೆ ಬೇಕಿತ್ತು. ಅದೇ ಬಣ್ಣ ಫ್ಲೆಕ್ಸ್ ಮೇಲೆ ಮಂಕಾಗಿ ಬರುತ್ತದೆ. ಮಾತಿಗಿಂತ ತೋರಿಸುವುದು ವಾಸಿ ಅಂತ ಎಂಟು ಬಣ್ಣದ ಒಂದು ಪಟ್ಟಿಯನ್ನು ಬೇರೆ ಗಿರಾಕಿಯ ಫ್ಲೆಕ್ಸ್ ಅಂಚಿನಲ್ಲಿ ಉಳಿದ ಜಾಗಕ್ಕೆ ಹೊಡೆದುಕೊಟ್ಟೆ. ನೇರಳೆ ನೋಡಿ ಅವರೇ ಬಿಟ್ಟರು. ಕೊನೆಗೆ ಕುಂಕುಮದ ಹತ್ತಿರದ ಒಂದು ಕೆಂಪು ಉಳಿಯಿತು, ಪ್ರಿಂಟಿಂಗ್‌ನ ನಾಲ್ಕು ಶಾಯಿಯಲ್ಲಿ ಅದರ ಅಳತೆ `C 0 M 90 Y 80 K 10`. ನೀವೂ ಬಣ್ಣವನ್ನು ಸ್ಕ್ರೀನ್ ಮೇಲೆ ಆರಿಸಬೇಡಿ. ನಿಮ್ಮೂರ ಫ್ಲೆಕ್ಸ್ ಅಂಗಡಿಯ ಮೆಷಿನ್ ಏನು ಕೊಡುತ್ತದೋ ಅದರಲ್ಲಿ ಆರಿಸಿ.

ಜಾಗದ ವಿಷಯ ಸುಲಭ. ಹೆಸರು ಯಾವಾಗಲೂ ಕೆಳಗಿನ ಎಡ ಮೂಲೆಯಲ್ಲಿ, ಕೆಂಪು ಪಟ್ಟಿಯ ಮೇಲೆ. ಇಸವಿ ಪಕ್ಕದಲ್ಲಿ ಚಿಕ್ಕದಾಗಿ, ಲೋಗೋದ ಒಳಗೆ ಅಲ್ಲ.

ಮುಂದಿನ ವರ್ಷ ಹೊಸ ಟೀಮ್ ಬಂತು. ಮೂರೂ ಪಾಲಿಸಿದರು, ಆದರೆ ಥೀಮ್‌ನ ಹೆಸರನ್ನು ಫೆಸ್ಟ್ ಹೆಸರಿನ ಮೂರು ಪಟ್ಟು ದೊಡ್ಡದು ಮಾಡಿದರು. ಜನ ಥೀಮ್ ಹೆಸರನ್ನೇ ಫೆಸ್ಟ್ ಹೆಸರು ಅಂದುಕೊಂಡರು, ಒಂದು ಪ್ರೈಜ್ ಚೆಕ್ ಮೇಲೂ ಅದೇ ಬಂತು! ಅಲ್ಲಿಂದ ನಾಲ್ಕನೇ ನಿಯಮ: ಥೀಮ್ ಅಕ್ಷರದ ಎತ್ತರ ಫೆಸ್ಟ್ ಹೆಸರಿನ ಅರ್ಧ ದಾಟಬಾರದು. ಇದೆಲ್ಲ ಒಂದು ಎ3 ಹಾಳೆಯಲ್ಲಿ ಹಿಡಿಯುತ್ತದೆ. ಒಂದು ಸರಿ ಪೋಸ್ಟರ್, ಒಂದು ತಪ್ಪು ಪೋಸ್ಟರ್ ಪಕ್ಕಪಕ್ಕ ಹಾಕಿ, ಸಾಕು.

ಇನ್ನು ಫೈಲು. ಫೆಸ್ಟ್‌ಗಳ ಗುರುತು ಅಳಿಯುವುದು ಜಾಸ್ತಿ ಇಲ್ಲೇ. ನನ್ನ ಕಾಲದಲ್ಲಿ ನಮ್ಮ ಫೆಸ್ಟ್ ಲೋಗೋ ಸೀನಿಯರ್ ಒಬ್ಬರ ಸ್ವಂತ ಕ್ಯಾನ್ವಾ ಅಕೌಂಟ್‌ನಲ್ಲಿತ್ತು. ಅವರು ಕೆಲಸ ಸಿಕ್ಕಿ ಪುಣೆಗೆ ಹೋದರು, ಹಳೆಯ ಮೇಲ್ ಪಾಸ್‌ವರ್ಡ್ ಅವರಿಗೇ ಮರೆತಿತ್ತು. ಕೋರಲ್ ಫೈಲ್ ಒಂದು ಸಿಕ್ಕಿತು, ಅದರಲ್ಲಿ ನುಡಿ ಫಾಂಟ್. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹಾಗಾಗಿ ಪ್ರತಿ ಫೈಲನ್ನೂ ಎರಡು ಥರ ಇಡಿ: ಟೈಪ್ ಮಾಡಿದ್ದನ್ನು ತಿದ್ದಲು ಬರುವಂಥದ್ದು ಒಂದು, ಕರ್ವ್ ಮಾಡಿದ್ದು ಒಂದು. ಫಾಂಟ್ ಫೈಲೂ ಅದೇ ಫೋಲ್ಡರ್‌ನಲ್ಲಿರಲಿ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಬಂದರೆ ಟೈಪ್ ಸೆಟ್ಟಿಂಗ್‌ನಲ್ಲಿ `World-Ready Layout` ಆನ್ ಮಾಡಬೇಕು. ಇದನ್ನೂ ಹಾಳೆಯ ಮೇಲೆ ಬರೆಯಿರಿ. ಪ್ರತಿ ಟೀಮ್ ಇದಕ್ಕೇ ಒಂದು ಸಂಜೆ ಕಳೆಯುತ್ತದೆ.

ಫೋಲ್ಡರ್ ಯಾರ ಹೆಸರಲ್ಲಿ? ವಿದ್ಯಾರ್ಥಿಯ ಮೇಲ್‌ನಲ್ಲಂತೂ ಬೇಡ, ಕೋರ್ಸ್ ಮುಗಿದ ಮೇಲೆ ಅದನ್ನು ಮುಚ್ಚಿದರೆ ಫೈಲೂ ಹೋಗಬಹುದು. ಕಾಲೇಜಿಗೆ ಗೂಗಲ್ ವರ್ಕ್‌ಸ್ಪೇಸ್ ಇದ್ದರೆ ಶೇರ್ಡ್ ಡ್ರೈವ್ ಕೇಳಿ. ಅದರಲ್ಲಿ ಫೈಲ್ ವ್ಯಕ್ತಿಯದಲ್ಲ, ಗುಂಪಿನದು. ಇಲ್ಲದಿದ್ದರೆ ಕೋಆರ್ಡಿನೇಟರ್ ಮೇಡಂ ಬೀರುವಿನಲ್ಲಿ ಒಂದು ಪೆನ್‌ಡ್ರೈವ್, ಆಫೀಸಿನ ಕಂಪ್ಯೂಟರ್‌ನಲ್ಲಿ ಒಂದು ಕಾಪಿ. ಪ್ರಿಂಟಿಂಗ್ ಅಂಗಡಿಯಲ್ಲಿ ಇದ್ದೇ ಇರುತ್ತದೆ ಅಂತ ನಂಬಬೇಡಿ. ನಾವು ವರ್ಷಕ್ಕೊಮ್ಮೆ ಅಳಿಸುತ್ತೇವೆ.

ಮುಂದಿನ ಟೀಮ್‌ಗೆ ಒಪ್ಪಿಸುವ ಕೆಲಸವನ್ನು ಮೇ ತಿಂಗಳಿಗೆ ಬಿಡಬೇಡಿ. ಆಗ ಎಲ್ಲರೂ ಪರೀಕ್ಷೆಯಲ್ಲಿರುತ್ತಾರೆ. ಆ ಡಿಗ್ರಿ ಕಾಲೇಜಿನ ಟೀಮ್ ಮಾಡಿದ್ದು ಹೀಗೆ: ಫೆಸ್ಟ್‌ಗೆ ಒಂದು ತಿಂಗಳು ಮೊದಲು ಮೊದಲನೇ ವರ್ಷದ ಹುಡುಗಿಯೊಬ್ಬಳಿಗೆ ಸರ್ಟಿಫಿಕೇಟ್ ಮಾಡಲು ಕೊಟ್ಟರು. ಫೋಲ್ಡರ್ ಮಾತ್ರ ನೋಡಬೇಕು, ಯಾರಿಗೂ ಫೋನ್ ಮಾಡುವ ಹಾಗಿಲ್ಲ. ಆಕೆ ಎರಡು ಕಡೆ ಸಿಕ್ಕಿಕೊಂಡಳು. ಬಿಳಿ ಬಣ್ಣದ ಲೋಗೋ ಇರಲಿಲ್ಲ, ಪ್ರಿನ್ಸಿಪಾಲರ ಸಹಿಗೆ ಎಷ್ಟು ಜಾಗ ಬಿಡಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಎರಡನ್ನೂ ಆ ವಾರವೇ ಸೇರಿಸಿದರು. ಈ ವರ್ಷ ಡಿಸೈನ್ ಹೆಡ್ ಆಕೆಯೇ.

ಅಕ್ಷರದ ಬಗ್ಗೆ ತುಂಬಾ ತಿಳಿದವರೊಬ್ಬರು ಮೇಲೆ, ಅಕ್ಷರವನ್ನೂ ಪ್ರತಿ ವರ್ಷ ಬದಲಿಸಲಿ, ಜಾಗ ಮತ್ತು ಬಣ್ಣ ಉಳಿದರೆ ಸಾಕು ಅಂದಿದ್ದಾರೆ. ಒಳ್ಳೆ ಕೈ ಇರುವ ಟೀಮ್ ಆದರೆ ನಡೆಯುತ್ತದೆ. ಯಾವ ವರ್ಷ ಅಂಥ ಕೈ ಇರುವುದಿಲ್ಲವೋ ಆ ವರ್ಷ ಏನು ಮಾಡುವುದು ಅನ್ನುವುದೇ ನನ್ನ ಅನುಮಾನ. ಅವರು ಉತ್ತರ ಕೊಡಲಿ.

ಇನ್‌ಸ್ಟಾಗ್ರಾಂ ಹೆಸರಿನಲ್ಲಿ ಇಸವಿ ಹಾಕಿದ್ದರೆ ಈಗಲೇ ತೆಗೆಯಿರಿ. ಓಟಿಪಿ ಯಾರ ಸಿಮ್‌ಗೆ ಹೋಗುತ್ತದೆ ಅಂತಲೂ ಇವತ್ತೇ ವಿಚಾರಿಸಿ, ಆ ಸೀನಿಯರ್ ಇನ್ನೂ ಫೋನ್ ಎತ್ತುತ್ತಿರುವಾಗಲೇ. ನಿಮ್ಮ ಹಳೆಯ ಪೋಸ್ಟರ್‌ಗಳಿದ್ದರೆ ಇಲ್ಲಿ ಹಾಕಿ, ಯಾವುದು ಉಳಿಸಬಹುದು ನೋಡಿ ಹೇಳುತ್ತೇನೆ.